ಬುಧವಾರ ಮುರಿದ ಸಪೋರ್ಟ್ ನಿಜಕ್ಕೂ ಮುರಿದಿದೆಯಾ? ತೈಲ ಮತ್ತು ಚಿನ್ನದ ಚಾರ್ಟ್ ಓದುವ ಬಗೆ

ಕಚ್ಚಾ ತೈಲದ ಚಾರ್ಟನ್ನು ಆರು ತಿಂಗಳು ನೋಡಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ಎರಡು ವಾರದಿಂದ ಗಟ್ಟಿಯಾಗಿ ನಿಂತಿದ್ದ ಸಪೋರ್ಟ್, ಅಂದರೆ ಬೀಳುವ ದರ ಬಂದು ನಿಲ್ಲುವ ಮಟ್ಟ, ಒಂದು ಬುಧವಾರ ಐದೇ ನಿಮಿಷದಲ್ಲಿ ಮುರಿಯುತ್ತದೆ. ನಷ್ಟ ಹೆಚ್ಚದಿರಲೆಂದು ಅದರ ಕೆಳಗೆ ಇಟ್ಟಿದ್ದ ಮಾರಾಟದ ಆರ್ಡರ್, ಅಂದರೆ ಸ್ಟಾಪ್‌ಲಾಸ್, ಹೊಡೆದುಕೊಂಡು ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ದರ ಏನೂ ಆಗಿಲ್ಲವೆಂಬಂತೆ ಅದೇ ಸಪೋರ್ಟ್ ಮೇಲೆ ಬಂದು ಕೂತಿರುತ್ತದೆ. ನಾನೂ ಮೊದಮೊದಲು ಗೆರೆ ಎಳೆದದ್ದೇ ತಪ್ಪಾಯಿತೇನೋ ಅಂದುಕೊಳ್ಳುತ್ತಿದ್ದೆ. ಗೆರೆ ಸರಿಯಾಗೇ ಇತ್ತು. ಗಡಿಯಾರ ನೋಡಿರಲಿಲ್ಲ, ಅಷ್ಟೇ.

ಆ ಬುಧವಾರವನ್ನು ಹೇಗೆ ಎದುರಿಸಬೇಕು ಎನ್ನುವುದೇ ಈ ಲೇಖನದ ಮುಖ್ಯ ವಿಷಯ. ಉದಾಹರಣೆಗೆ ತೆಗೆದುಕೊಂಡಿರುವುದು ಅಮೆರಿಕದ ಡಬ್ಲ್ಯುಟಿಐ ಕಚ್ಚಾ ತೈಲ. ಚಿನ್ನದ ಕಥೆ ಬೇರೆಯೇ ಇದೆ, ಅದು ಕೊನೆಗೆ.

ಮೊದಲು ಗಡಿಯಾರ

ಅಮೆರಿಕದ ಇಂಧನ ಮಾಹಿತಿ ಸಂಸ್ಥೆ ಇಐಎ ಪ್ರತಿ ಬುಧವಾರ ಬೆಳಿಗ್ಗೆ 10:30ಕ್ಕೆ, ಅಂದರೆ ನ್ಯೂಯಾರ್ಕ್ ಸಮಯಕ್ಕೆ, ವಾರದ ದಾಸ್ತಾನು ವರದಿ ಬಿಡುತ್ತದೆ. ಭಾರತದ ಗಡಿಯಾರದಲ್ಲಿ ಅದು ರಾತ್ರಿ 8 ಗಂಟೆ. ಅಮೆರಿಕದವರು ಚಳಿಗಾಲಕ್ಕೆ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ರಾತ್ರಿ 9. ಅಲ್ಲಿ ಸೋಮವಾರ ಸರ್ಕಾರಿ ರಜೆ ಇದ್ದರೆ ವರದಿ ಸಾಮಾನ್ಯವಾಗಿ ಗುರುವಾರಕ್ಕೆ ಜಾರುತ್ತದೆ. ಇದನ್ನು ಮರೆತು ಬುಧವಾರ ಹುಷಾರಾಗಿದ್ದು ಗುರುವಾರ ಏಟು ತಿನ್ನುವವರು ಬಹಳ.

ಇನ್ನೊಂದು ವರದಿಯೂ ಇದೆ. ಎಪಿಐ ಎನ್ನುವ ತೈಲ ಉದ್ಯಮದ ಸಂಘ ಮಂಗಳವಾರ ಸಂಜೆ 4:30ಕ್ಕೆ, ಅದೂ ನ್ಯೂಯಾರ್ಕ್ ಸಮಯಕ್ಕೆ, ತನ್ನ ಲೆಕ್ಕ ಬಿಡುತ್ತದೆ. ಇಐಎ ಲೆಕ್ಕಕ್ಕೂ ಇದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಆದರೂ ಇದನ್ನು ಬಿಡುವಂತಿಲ್ಲ. ಮಂಗಳವಾರದ ಲೆಕ್ಕ ನೋಡಿಯೇ ಮಾರುಕಟ್ಟೆ ರಾತ್ರೋರಾತ್ರಿ ಒಂದು ಕಡೆಗೆ ವಾಲಿರುತ್ತದೆ. ಬುಧವಾರ ಬೆಳಗಿನ ದರದಲ್ಲಿ ಆ ವಾಲಿಕೆ ಆಗಲೇ ಸೇರಿರುತ್ತದೆ.

ಇಐಎ ಹೇಳುವುದು ಹಿಂದಿನ ಶುಕ್ರವಾರಕ್ಕೆ ಮುಗಿದ ವಾರದ ಲೆಕ್ಕ. ಅಂದರೆ ಐದು ದಿನ ಹಳೆಯದು. ಆ ವಾರ ಎಷ್ಟು ತೈಲ ಇತ್ತು ಎನ್ನುವುದಕ್ಕಿಂತ, ಜನ ಅಂದುಕೊಂಡದ್ದಕ್ಕೂ ಬಂದದ್ದಕ್ಕೂ ಎಷ್ಟು ವ್ಯತ್ಯಾಸ ಎನ್ನುವುದೇ ದರವನ್ನು ಅಲ್ಲಾಡಿಸುವುದು.

ಅಲುಗಾಟದ ಅಳತೆ ತೆಗೆಯಿರಿ

ಇದು ಹತ್ತು ನಿಮಿಷದ ಕೆಲಸ. 15 ನಿಮಿಷದ ಚಾರ್ಟ್ ತೆಗೆದು ಹಿಂದಿನ 11 ವರದಿ ದಿನಗಳಿಗೆ ಹೋಗಿ. 10:30ಕ್ಕೆ ಶುರುವಾದ ಕ್ಯಾಂಡಲ್, ಅಂದರೆ ಆ ಕಾಲು ಗಂಟೆಯ ಏರಿಳಿತ ತೋರಿಸುವ ಕಡ್ಡಿ, ಅದರ ತುದಿಯಿಂದ ಬುಡಕ್ಕೆ ಎಷ್ಟು ಸೆಂಟ್ ಇತ್ತು ಎಂದು ಪ್ರತಿ ವಾರಕ್ಕೂ ಬರೆದುಕೊಳ್ಳಿ. ಆ ಹನ್ನೊಂದನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಸಂಖ್ಯೆ, ಅಂದರೆ ಆರನೆಯದು, ಆರಿಸಿ. ಸರಾಸರಿ ಬೇಡ. ಯಾವುದೋ ಒಂದು ವಾರ ಯುದ್ಧದ ಸುದ್ದಿಗೆ ದರ ಎರಡು ಡಾಲರ್ ಹಾರಿದ್ದರೆ ಸರಾಸರಿ ಕೆಟ್ಟುಹೋಗುತ್ತದೆ. ನಡುವಿನ ಸಂಖ್ಯೆಗೆ ಅದು ತಾಕುವುದಿಲ್ಲ.

ಈಗ 10:29ರ ದರದಿಂದ ನಿಮ್ಮ ಸಪೋರ್ಟ್ ಎಷ್ಟು ದೂರ ಇದೆ ನೋಡಿ. ಆ ದೂರ ನಿಮ್ಮ ಅಳತೆಗಿಂತ ಕಮ್ಮಿ ಇದ್ದರೆ, ಆ ಕಾಲು ಗಂಟೆಯ ಮಟ್ಟಿಗೆ ನೀವು ಎಳೆದ ಗೆರೆಗೆ ಅರ್ಥವಿಲ್ಲ. ವರದಿ ಒಳ್ಳೆಯದಿರಲಿ ಕೆಟ್ಟದ್ದಿರಲಿ, ದರ ಅಲ್ಲಿಗೆ ಹೋಗಿ ಮುಟ್ಟಿ ಬರಬಹುದು. ಅದರ ಕೆಳಗೆ ಹತ್ತು ಸೆಂಟ್ ಬಿಟ್ಟು ಸ್ಟಾಪ್‌ಲಾಸ್ ಇಡುವುದು ಹಣವನ್ನು ಬೀದಿಯಲ್ಲಿಟ್ಟ ಹಾಗೆ. ಮುಂದಿನ ಯಾವುದೋ ತಿಂಗಳು ಕೈಗೆ ಬರುವ ತೈಲಕ್ಕೆ ಈಗಲೇ ದರ ಕಟ್ಟುವ ಒಂದು ಡಬ್ಲ್ಯುಟಿಐ ಕಾಂಟ್ರಾಕ್ಟ್ ಅಂದರೆ 1,000 ಬ್ಯಾರೆಲ್. 90 ಸೆಂಟ್ ಅಲುಗಾಡಿದರೆ 900 ಡಾಲರ್.

ಹಾಗಿದ್ದರೆ ಏನು ಮಾಡಬೇಕು? ಎರಡೇ ದಾರಿ. ಒಂದೋ ಸ್ಟಾಪ್ ದೂರ ಇಟ್ಟು ಪ್ರಮಾಣ ಕಮ್ಮಿ ಮಾಡಿ. ಇಲ್ಲವೇ ವರದಿಗೆ ಮೊದಲು ಹೊರಗೆ ಬಂದು, ಆಮೇಲೆ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಎರಡನೆಯದೇ ವಾಸಿ. ಆ ಹೊತ್ತಿನಲ್ಲಿ ಖರೀದಿ ದರಕ್ಕೂ ಮಾರಾಟದ ದರಕ್ಕೂ ನಡುವಿನ ಅಂತರ ಅಗಲವಾಗುತ್ತದೆ. ನೀವು ಇಟ್ಟ ಬೆಲೆಗೇ ಸ್ಟಾಪ್ ಸಿಗುತ್ತದೆ ಎನ್ನುವ ಭರವಸೆಯೂ ಇಲ್ಲ.

ಒಂದು ಬುಧವಾರ, ನಿಮಿಷ ನಿಮಿಷವಾಗಿ

ಈಗ ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ನಾನೇ ಕಟ್ಟಿಕೊಂಡವು. ಆದರೆ ಇಂಥ ಬುಧವಾರಗಳು ವರ್ಷದಲ್ಲಿ ಎಷ್ಟೋ ಬರುತ್ತವೆ.

70.00 ಡಾಲರ್ ಹತ್ತಿರ ಎರಡು ವಾರದಲ್ಲಿ ಮೂರು ಸಲ ನಿಂತ ಸಪೋರ್ಟ್ ಇದೆ. ದಾಸ್ತಾನು 20 ಲಕ್ಷ ಬ್ಯಾರೆಲ್ ಇಳಿಯಬಹುದು ಎಂದು ವಿಶ್ಲೇಷಕರ ಅಂದಾಜು. ಮಂಗಳವಾರ ಸಂಜೆ ಎಪಿಐ 40 ಲಕ್ಷ ಇಳಿದಿದೆ ಅಂದಿತು. ದರ 70.40ರಿಂದ 70.80ಕ್ಕೆ ಏರಿತು. ಬುಧವಾರ 10:29ಕ್ಕೆ 70.75. ನಿಮ್ಮ ಅಳತೆ 90 ಸೆಂಟ್ ಎಂದಿಟ್ಟುಕೊಳ್ಳಿ. ಸಪೋರ್ಟ್ ಇರುವುದು 75 ಸೆಂಟ್ ದೂರದಲ್ಲಿ. ಅಂದರೆ ಅಪಾಯದ ಒಳಗೇ ಇದೆ.

10:30ಕ್ಕೆ ಇಐಎ ಹೇಳುತ್ತದೆ: ಕಚ್ಚಾ ತೈಲದ ದಾಸ್ತಾನು 15 ಲಕ್ಷ ಬ್ಯಾರೆಲ್ ಏರಿದೆ. ಇಳಿಯುತ್ತದೆ ಅಂದುಕೊಂಡದ್ದು ಏರಿದೆ! ವಿಶ್ಲೇಷಕರ ಅಂದಾಜಿಗೆ 35 ಲಕ್ಷದ ವ್ಯತ್ಯಾಸ. ಎಪಿಐ ನಂಬಿ ರಾತ್ರಿ ಕೊಂಡವರಿಗೆ 55 ಲಕ್ಷದ ವ್ಯತ್ಯಾಸ. ನಾಲ್ಕು ನಿಮಿಷದಲ್ಲಿ ದರ 69.55ಕ್ಕೆ ಬೀಳುತ್ತದೆ. 70.00ರ ಕೆಳಗೆ ಸಾಲಾಗಿ ನಿಂತಿದ್ದ ಸ್ಟಾಪ್‌ಗಳೆಲ್ಲ ಹೊಡೆಯುತ್ತವೆ. ಆ ಸ್ಟಾಪ್‌ಗಳೇ ಮಾರಾಟದ ಆರ್ಡರ್ ಆಗಿ ದರವನ್ನು ಇನ್ನಷ್ಟು ಕೆಳಗೆ ತಳ್ಳುತ್ತವೆ.

ಮೊದಲ ನಾಲ್ಕು ನಿಮಿಷ ಓಡುವುದು ತಲೆಬರಹದ ಅಂಕಿಯನ್ನಷ್ಟೇ ಓದಿದ ದುಡ್ಡು. ಅದರಲ್ಲಿ ಹೆಚ್ಚಿನದು ಯಂತ್ರಗಳೇ. ಮನುಷ್ಯರು ಉಳಿದ ಸಾಲುಗಳನ್ನು ಓದಲು ಇನ್ನೊಂದಿಷ್ಟು ಹೊತ್ತು ಬೇಕು. ನೀವೂ ಆಗ ಓದಿ. ಮೂರು ಸಾಲು ಸಾಕು.

ಮೊದಲನೆಯದು ಆಮದು. ಇದನ್ನು ದಿನಕ್ಕೆ ಇಷ್ಟು ಬ್ಯಾರೆಲ್ ಎಂದು ಕೊಟ್ಟಿರುತ್ತಾರೆ. ದಾಸ್ತಾನು ಮಾತ್ರ ಇಡೀ ವಾರದ್ದು. ಹಾಗಾಗಿ ಏಳರಿಂದ ಗುಣಿಸಬೇಕು. ನಮ್ಮ ಬುಧವಾರ ಆಮದು ದಿನಕ್ಕೆ 9 ಲಕ್ಷ ಜಾಸ್ತಿಯಾಗಿದೆ ಅನ್ನಿ. ವಾರಕ್ಕೆ 63 ಲಕ್ಷ. ಆಮದು ಹಿಂದಿನ ವಾರದಷ್ಟೇ ಇದ್ದಿದ್ದರೆ ದಾಸ್ತಾನು 15 ಲಕ್ಷ ಏರುವ ಬದಲು 48 ಲಕ್ಷ ಇಳಿಯುತ್ತಿತ್ತು! ಅಂದರೆ ಒಂದಷ್ಟು ಹಡಗು ಈ ವಾರ ಒಟ್ಟಿಗೆ ಬಂದಿಳಿದಿವೆ, ಅಷ್ಟೇ. ಚಳಿಗಾಲದಲ್ಲಿ ಹ್ಯೂಸ್ಟನ್ ಬಂದರಿನ ಕಾಲುವೆಯಲ್ಲಿ ಮಂಜು ಕವಿದರೂ ಹೀಗಾಗುತ್ತದೆ. ಒಂದು ವಾರ ಹಡಗು ಕಾಯುತ್ತವೆ, ಮುಂದಿನ ವಾರ ಎಲ್ಲ ಒಟ್ಟಿಗೆ ಒಳಗೆ ಬರುತ್ತವೆ. ಇದೇ ರೀತಿ ರಫ್ತಿನ ಸಾಲನ್ನೂ ನೋಡಿ. ಅಲ್ಲೂ ಏಳರ ಗುಣಾಕಾರವೇ.

ಎರಡನೆಯದು ಕುಶಿಂಗ್. ಓಕ್ಲಹೋಮಾದ ಈ ಊರಿನಲ್ಲಿರುವ ಟ್ಯಾಂಕ್‌ಗಳಲ್ಲೇ ಡಬ್ಲ್ಯುಟಿಐ ಕಾಂಟ್ರಾಕ್ಟಿನ ತೈಲ ಕೈಬದಲಾಗುವುದು. ದೇಶದ ಲೆಕ್ಕ ಏರಿ ಕುಶಿಂಗ್ ಇಳಿದರೆ, ಚಾರ್ಟಿನಲ್ಲಿ ಕಾಣುವ ದರಕ್ಕೆ ಕುಶಿಂಗ್ ಅಂಕಿಯೇ ಹತ್ತಿರದ್ದು. ನಮ್ಮ ಲೆಕ್ಕದಲ್ಲಿ ಅದು 9 ಲಕ್ಷ ಇಳಿದಿದೆ.

ಮೂರನೆಯದು ಪೆಟ್ರೋಲ್ ಮತ್ತು ಡಿಸ್ಟಿಲೇಟ್, ಅಂದರೆ ಡೀಸೆಲ್ ಮತ್ತು ಮನೆ ಬಿಸಿಮಾಡುವ ಎಣ್ಣೆ. ನಮ್ಮ ಬುಧವಾರ ಪೆಟ್ರೋಲ್ ದಾಸ್ತಾನು 31 ಲಕ್ಷ ಇಳಿದಿದೆ. ಬಳಕೆ ಕುಸಿದಿದೆ ಅನ್ನಲು ಇಲ್ಲಿ ಯಾವ ಪುರಾವೆಯೂ ಇಲ್ಲ.

10:45ಕ್ಕೆ ಕ್ಯಾಂಡಲ್ ಮುಚ್ಚಿದ್ದು 69.90ಕ್ಕೆ. ಇನ್ನೂ ಸಪೋರ್ಟ್ ಕೆಳಗೇ. 11:00ಕ್ಕೆ 70.25. ಮಧ್ಯಾಹ್ನ 2:30ಕ್ಕೆ ಎಕ್ಸ್‌ಚೇಂಜ್ ಆ ದಿನಕ್ಕೆ ನಿಗದಿ ಮಾಡುವ ಸೆಟಲ್‌ಮೆಂಟ್ ದರ 70.95. ಸಪೋರ್ಟ್ ಮುರಿಯಲಿಲ್ಲ. ಅಲ್ಲಿದ್ದ ಸ್ಟಾಪ್‌ಗಳನ್ನು ಗುಡಿಸಿ ಮೇಲೆ ಬಂತು.

ಇನ್ನೂ ಒಂದು ಸುಳಿವಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಹತ್ತಿರದ ತಿಂಗಳ ಕಾಂಟ್ರಾಕ್ಟಿನ ದರದಿಂದ ಅದರ ಮುಂದಿನ ತಿಂಗಳ ಕಾಂಟ್ರಾಕ್ಟಿನ ದರ ಕಳೆದರೆ ಬರುವ ಅಂತರವನ್ನು ಒಂದು ಚಿಕ್ಕ ಕಿಟಕಿಯಲ್ಲಿ ಇಟ್ಟುಕೊಳ್ಳಿ. ಟ್ರೇಡಿಂಗ್‌ವ್ಯೂ ಎಂಬ ಚಾರ್ಟ್ ತಾಣದಲ್ಲಿ ಹೀಗೆ ಬರೆದರೆ ಸಿಗುತ್ತದೆ:

```
CL1!-CL2!
```

ತೈಲ ನಿಜವಾಗಿಯೂ ಜಾಸ್ತಿಯಾಗಿ ಟ್ಯಾಂಕ್ ತುಂಬುತ್ತಿದ್ದರೆ, ಹೊಡೆತ ಬೀಳುವುದು ಮುಖ್ಯವಾಗಿ ಈಗಲೇ ಕೈಗೆ ಬರುವ ತೈಲಕ್ಕೆ. ಹತ್ತಿರದ ತಿಂಗಳು ಮುಂದಿನದಕ್ಕಿಂತ ಹೆಚ್ಚು ಬೀಳುತ್ತದೆ, ಅಂತರ ಕುಗ್ಗುತ್ತದೆ. ನಮ್ಮ ಉದಾಹರಣೆಯಲ್ಲಿ ದರ 1.20 ಡಾಲರ್ ಬಿದ್ದಾಗ ಅಂತರ 35 ಸೆಂಟಿನಿಂದ 33ಕ್ಕೆ ಬಂತು, ಅಷ್ಟೇ. ಎರಡೂ ತಿಂಗಳು ಒಟ್ಟಿಗೆ ಬಿದ್ದಿವೆ. ಇದು ಟ್ಯಾಂಕಿನ ಸುದ್ದಿ ಅಲ್ಲ, ಗಾಬರಿ. ಆದರೆ ಕಾಂಟ್ರಾಕ್ಟ್ ಮುಗಿಯುವ ಕೊನೆಯ ಕೆಲವು ದಿನ ಈ ಅಂತರವನ್ನು ನಂಬಬೇಡಿ. ಆಗ ಅದು ಬೇರೆ ಕಾರಣಗಳಿಗೆ ಕುಣಿಯುತ್ತದೆ.

ಇದೇ ಬುಧವಾರ ತಿರುಗುಮುರುಗಾಗಿದ್ದರೆ? ಆಮದು ಹಾಗೇ ಇದ್ದು ದಾಸ್ತಾನು ಏರಿದ್ದರೆ, ಕುಶಿಂಗ್ ತುಂಬಿದ್ದರೆ, ಪೆಟ್ರೋಲ್ ಕೂಡ ಏರಿದ್ದರೆ, ಅಂತರ 35ರಿಂದ 20ಕ್ಕೆ ಇಳಿದಿದ್ದರೆ, ಆಗ ಮುರಿತ ನಿಜ ಎಂದು ನಂಬಬಹುದು. ಆಗಲೂ ಮೊದಲ ಬೀಳಿನಲ್ಲಿ ಮಾರಲು ಓಡಬೇಡಿ. 15 ನಿಮಿಷದ ಆ ಮೊದಲ ಕ್ಯಾಂಡಲ್‌ನ ಬುಡಕ್ಕೆ ಒಂದು ಗುರುತು ಹಾಕಿ. ದರ ಒಮ್ಮೆ ಮೇಲೆ ಬಂದು, 70.00 ಹತ್ತಿರ ತಡೆದು, 11 ಗಂಟೆ ಆದಮೇಲೆ ಆ ಬುಡವನ್ನು ಮತ್ತೆ ಮುರಿದರೆ, ಸಪೋರ್ಟ್ ಈಗ ದರವನ್ನು ಮೇಲೆ ಹೋಗದಂತೆ ತಡೆಯುವ ರೆಸಿಸ್ಟೆನ್ಸ್ ಆಗಿದೆ.

ಇನ್ನು ಚಾರ್ಟಿನಲ್ಲಿ ಗೆರೆ ಹೇಗೆ ಉಳಿಸಿಕೊಳ್ಳುವುದು? 69.55ರ ಬುಡಕ್ಕೆ ಗೆರೆ ಎಳೆದು ಅದನ್ನೇ ಹೊಸ ಸಪೋರ್ಟ್ ಅನ್ನುವವರಿದ್ದಾರೆ. 70.00ರಲ್ಲೇ ಹಟ ಹಿಡಿಯುವವರೂ ಇದ್ದಾರೆ. ನಾನು ಎರಡರ ನಡುವೆ ಒಂದು ಪಟ್ಟಿ ಬಳಿಯುತ್ತೇನೆ. ಒಳಗೆ ಬರುವ ನಿರ್ಧಾರಕ್ಕೆ 70.00, ಸ್ಟಾಪ್‌ಗೆ 69.55ರ ಕೆಳಗೆ. ಸೆಟಲ್‌ಮೆಂಟ್ ದರ 70.00ರ ಕೆಳಗೆ ಬರುವ ತನಕ ಮುರಿದಿದೆ ಅನ್ನುವುದಿಲ್ಲ.

ಏರಿಕೆ ಅಂದರೆ ಯಾವ ತಿಂಗಳ ಏರಿಕೆ?

ಮಾರ್ಚ್‌ನಲ್ಲಿ 20 ಲಕ್ಷ ಬ್ಯಾರೆಲ್ ಏರಿದ್ದು ಸುದ್ದಿಯೇ ಅಲ್ಲ. ಜುಲೈನಲ್ಲಿ ಅಷ್ಟೇ ಏರಿದರೆ ದೊಡ್ಡ ಸುದ್ದಿ. ಕಾರಣ ರಿಫೈನರಿಗಳ ಪಂಚಾಂಗ. ಅಮೆರಿಕದಲ್ಲಿ ಫೆಬ್ರವರಿ-ಮಾರ್ಚ್ ಸುಮಾರಿಗೆ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರಿಫೈನರಿಗಳು ರಿಪೇರಿಗೆಂದು ಘಟಕಗಳನ್ನು ನಿಲ್ಲಿಸುತ್ತವೆ. ಕಚ್ಚಾ ತೈಲ ಕುಡಿಯುವವರು ಕಮ್ಮಿಯಾಗುತ್ತಾರೆ, ಟ್ಯಾಂಕ್ ತುಂಬುತ್ತದೆ. ಮೇ ಕೊನೆಯಿಂದ ಸೆಪ್ಟೆಂಬರ್ ಶುರುವಿನ ತನಕ ಜನ ಕಾರು ಹತ್ತಿ ತಿರುಗುವ ಕಾಲ. ರಿಫೈನರಿಗಳು ಪೂರ್ತಿ ಓಡುತ್ತವೆ, ಟ್ಯಾಂಕ್ ಇಳಿಯುತ್ತದೆ.

ಹಾಗಾಗಿ ಅಂಕಿಯನ್ನು ಸೊನ್ನೆಗೆ ಹೋಲಿಸಬೇಡಿ. ಇಐಎ ತನ್ನ ವರದಿಯಲ್ಲೇ ದಾಸ್ತಾನು ಇದೇ ಹೊತ್ತಿನ ಐದು ವರ್ಷದ ಸರಾಸರಿಗಿಂತ ಎಷ್ಟು ಶೇಕಡಾ ಮೇಲೆ ಅಥವಾ ಕೆಳಗೆ ಇದೆ ಎಂದು ಹೇಳುತ್ತದೆ. ಆ ಒಂದು ವಾಕ್ಯವನ್ನು ವಾರವಾರ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಸರಾಸರಿಗಿಂತ ಶೇ 4 ಕೆಳಗೆ ಇದ್ದದ್ದು ನಾಲ್ಕು ವಾರದಲ್ಲಿ ಶೇ 1ಕ್ಕೆ ಬಂದರೆ, ನಿಮ್ಮ ಸಪೋರ್ಟ್ ಕೆಳಗಿನ ಮಣ್ಣು ಸಡಿಲವಾಗುತ್ತಿದೆ. ಒಂದೊಂದೇ ವರದಿಯಲ್ಲಿ ಅದು ಕಾಣದಿರಬಹುದು.

ಡಿಸೆಂಬರ್ ವರದಿಗಳ ಬಗ್ಗೆ ಒಂದು ಮಾತು. ಗಲ್ಫ್ ಕರಾವಳಿಯ ರಾಜ್ಯಗಳಲ್ಲಿ ವರ್ಷದ ಕೊನೆಗೆ ಟ್ಯಾಂಕಿನಲ್ಲಿರುವ ತೈಲದ ಮೇಲೆ ತೆರಿಗೆ ಬೀಳುತ್ತದೆ. ಅದಕ್ಕೇ ಕಂಪನಿಗಳು ಆಗ ದಾಸ್ತಾನು ಕರಗಿಸುತ್ತವೆ. ಡಿಸೆಂಬರ್‌ನ ದೊಡ್ಡ ಇಳಿಕೆ ನೋಡಿ ರೆಸಿಸ್ಟೆನ್ಸ್ ಮುರಿದರೆ ಕಣ್ಣುಮುಚ್ಚಿ ನಂಬಬೇಡಿ.

ಚಂಡಮಾರುತ ಬಂದಾಗಲೂ ತಲೆಕೆಳಗಾಗುತ್ತದೆ. ಬಿರುಗಾಳಿ ಅಂದರೆ ತೈಲ ಏರುತ್ತದೆ ಎಂದು ಸುಮ್ನೆ ಅಂದುಕೊಳ್ಳುತ್ತೇವೆ, ಅಲ್ವಾ? 2017ರ ಆಗಸ್ಟ್ ಕೊನೆಗೆ ಹಾರ್ವೆ ಟೆಕ್ಸಾಸಿಗೆ ಅಪ್ಪಳಿಸಿದಾಗ ಅಮೆರಿಕದ ರಿಫೈನಿಂಗ್ ಸಾಮರ್ಥ್ಯದ ಸುಮಾರು ಕಾಲು ಭಾಗ ನಿಂತಿತು. ಪೆಟ್ರೋಲ್ ದರ ಜಿಗಿಯಿತು, ಕಚ್ಚಾ ತೈಲದ ದರ ಇಳಿಯಿತು. ಕೊಳ್ಳುವ ರಿಫೈನರಿಯೇ ಮುಚ್ಚಿದ್ದರೆ ಕಚ್ಚಾ ತೈಲ ಯಾರಿಗೆ ಬೇಕು?

ದಿನದ ಚಾರ್ಟಿನ ಹಳೆ ಗೆರೆಗಳು

ದಾಸ್ತಾನು ನಮ್ಮ ಗೆರೆಗಳನ್ನು ಕೆಡಿಸುವ ಇನ್ನೊಂದು ಜಾಗ ಇದೆ. ಅದು ಮೆಲ್ಲಗೆ ಕೆಡಿಸುವುದರಿಂದ ಗೊತ್ತೇ ಆಗುವುದಿಲ್ಲ. ಟ್ಯಾಂಕ್ ತುಂಬಿದ್ದಾಗ ಹತ್ತಿರದ ತಿಂಗಳು ಅಗ್ಗ, ಮುಂದಿನದು ತುಟ್ಟಿ. ಹತ್ತಿರದ್ದು 70.00, ಮುಂದಿನದು 71.10 ಅನ್ನಿ. ಕಾಂಟ್ರಾಕ್ಟ್ ಬದಲಾಗುವ ದಿನ, ಒಂದರ ಹಿಂದೆ ಒಂದು ಕಾಂಟ್ರಾಕ್ಟ್ ಜೋಡಿಸಿದ ನಿರಂತರ ಚಾರ್ಟ್ 1.10 ಡಾಲರ್ ಮೇಲೆ ಹಾರುತ್ತದೆ. ಅದು 70.80ರ ರೆಸಿಸ್ಟೆನ್ಸ್ ದಾಟಿದ ಹಾಗೆ ಕಾಣುತ್ತದೆ. ಆ 1.10 ಯಾರ ಜೇಬಿಗೂ ಬಂದಿಲ್ಲ!

ಟ್ರೇಡಿಂಗ್‌ವ್ಯೂನಲ್ಲಿ ಕೆಳಗೆ `B-ADJ` ಎಂಬ ಗುಂಡಿ ಇದೆ. ಒತ್ತಿದರೆ ಹಳೆ ದರಗಳನ್ನು ಸರಿಸಿ ಈ ಹಾರಿಕೆ ಅಳಿಸುತ್ತದೆ. ಆಗ ಏರಿಳಿತ ನಿಜ, ಆದರೆ ಹಳೆ ದರ ನಿಜವಲ್ಲ. ಟ್ರೆಂಡ್ ಗೆರೆಗೆ ಅದನ್ನು ಬಳಸಿ. 70.00ರಂಥ ಗುಂಡು ಸಂಖ್ಯೆಗೆ, ಹಳೆ ತಳಗಳಿಗೆ ಸರಿಪಡಿಸದ ಚಾರ್ಟ್ ನೋಡಿ. ಎರಡರಲ್ಲೂ ಒಂದೇ ಕಡೆ ಬಿದ್ದ ಲೆವೆಲ್‌ಗೆ ಬೆಲೆ ಜಾಸ್ತಿ.

ಇದರ ಕೊನೆಯ ಹಂತ 2020ರ ಏಪ್ರಿಲ್ 20. ಮೇ ತಿಂಗಳ ಕಾಂಟ್ರಾಕ್ಟ್ ಮುಗಿಯಲು ಒಂದು ದಿನ ಬಾಕಿ. ಕುಶಿಂಗ್‌ನ ಟ್ಯಾಂಕ್‌ಗಳಲ್ಲಿ ತುಂಬಿರದ ಜಾಗವೂ ಆಗಲೇ ಬಾಡಿಗೆಗೆ ಹೋಗಿತ್ತು. ಕಾಂಟ್ರಾಕ್ಟ್ ಸೆಟಲ್ ಆದದ್ದು ಮೈನಸ್ 37.63 ಡಾಲರ್‌ಗೆ. ಸೊನ್ನೆಗಿಂತ ಗಟ್ಟಿ ಸಪೋರ್ಟ್ ಯಾವುದಿದೆ ಎಂದು ಆ ದಿನ ಬೆಳಿಗ್ಗೆ ಕೇಳಿದ್ದರೆ ಯಾವುದೂ ಇಲ್ಲ ಅನ್ನುವವರೇ ಹೆಚ್ಚು. ಇಡಲು ಜಾಗವೇ ಇಲ್ಲದಾಗ ಗೆರೆ ಏನು ಮಾಡೀತು?

ಚಿನ್ನಕ್ಕೆ ಬುಧವಾರ ಇಲ್ಲ

ತೈಲದಲ್ಲಿ ಕಲಿತದ್ದನ್ನು ಚಿನ್ನಕ್ಕೆ ಹಾಗೇ ತಂದರೆ ಎಡವುತ್ತೀರಿ. ತೈಲ ಉರಿದು ಹೋಗುತ್ತದೆ, ಚಿನ್ನ ಉಳಿಯುತ್ತದೆ. ಇದುವರೆಗೆ ಅಗೆದು ತೆಗೆದ ಚಿನ್ನ 2 ಲಕ್ಷ ಟನ್ನಿಗಿಂತ ಜಾಸ್ತಿ. ವರ್ಷಕ್ಕೆ ಗಣಿಗಳಿಂದ ಬರುವುದು ಸುಮಾರು 3,600 ಟನ್. ಅಷ್ಟು ದೊಡ್ಡ ರಾಶಿಯ ಮುಂದೆ ಒಂದು ವಾರದ ಏರಿಳಿತಕ್ಕೆ ಲೆಕ್ಕವೇ ಇಲ್ಲ.

ನ್ಯೂಯಾರ್ಕಿನ ಚಿನ್ನದ ಎಕ್ಸ್‌ಚೇಂಜ್ ಕಾಮೆಕ್ಸ್‌ನ ಗೋದಾಮುಗಳ ಲೆಕ್ಕ ದಿನಾ ಬರುತ್ತದೆ. ಅದರಲ್ಲಿ ಎರಡು ಕಂಬಸಾಲು: ಡೆಲಿವರಿಗೆ ಸಿದ್ಧವಿರುವ ರಿಜಿಸ್ಟರ್ಡ್, ಮತ್ತು ಗೋದಾಮಿನಲ್ಲಿದ್ದರೂ ಡೆಲಿವರಿಗೆ ಇಡದ ಎಲಿಜಿಬಲ್. ರಿಜಿಸ್ಟರ್ಡ್ ಕುಸಿಯಿತು, ಚಿನ್ನ ಖಾಲಿ ಎಂದು ಆಗಾಗ ಗಲಾಟೆ ಏಳುತ್ತದೆ. ಬಹಳ ಸಲ ಅದೇ ಗಟ್ಟಿ ಅದೇ ಕೋಣೆಯಲ್ಲೇ ಇರುತ್ತದೆ. ಡೆಲಿವರಿಗೆ ಕೊಡಲು ಸಿದ್ಧ ಎನ್ನುವ ಕಾಗದವನ್ನು ಮಾಲೀಕ ವಾಪಸ್ ತೆಗೆದುಕೊಂಡಿರುತ್ತಾನೆ, ಅಷ್ಟೇ. ಇದನ್ನು ನೋಡಿ ಲೆವೆಲ್ ಬದಲಿಸಬೇಡಿ.

ಹಂಗಾಮಿನ ಬೇಡಿಕೆ ನಿಜವಾಗಿಯೂ ಇದೆ. ಭಾರತದ ಮದುವೆ ಕಾಲ, ಧನತ್ರಯೋದಶಿ, ಚೀನಾದ ಹೊಸ ವರ್ಷ ಇವೆಲ್ಲ ಎಲ್ಲರಿಗೂ ಮೊದಲೇ ಗೊತ್ತು. ಹಾಗಾಗಿ ಅವು ಚಾರ್ಟನ್ನು ದಿಢೀರ್ ಅಲ್ಲಾಡಿಸುವುದಿಲ್ಲ. ಒಡವೆ ಕೊಳ್ಳುವವರು ಬೆಲೆ ನೋಡಿ ಕೊಳ್ಳುತ್ತಾರೆ. ಇಳಿದರೆ ಬರುತ್ತಾರೆ, ಏರಿದರೆ ಕಾಯುತ್ತಾರೆ. ಅದರಿಂದ ಹಂಗಾಮಿನಲ್ಲಿ ಸಪೋರ್ಟ್ ಸ್ವಲ್ಪ ಮೆತ್ತೆ ಹಾಕಿದ ಹಾಗಾಗಬಹುದು. ಆದರೆ ರೆಸಿಸ್ಟೆನ್ಸ್ ಮುರಿಯಲು ಆ ಬೇಡಿಕೆಯನ್ನು ನಂಬುವಂತಿಲ್ಲ. ಅದು ಇದೆಯೋ ಇಲ್ಲವೋ ತಿಳಿಯಲು ಅಂತರರಾಷ್ಟ್ರೀಯ ದರದ ಮೇಲೆ ಸ್ಥಳೀಯ ವ್ಯಾಪಾರಿಗಳು ಪ್ರೀಮಿಯಂ ಕೇಳುತ್ತಿದ್ದಾರೋ ರಿಯಾಯಿತಿ ಕೊಡುತ್ತಿದ್ದಾರೋ ನೋಡಿ. ಹಬ್ಬದ ವಾರದಲ್ಲೂ ರಿಯಾಯಿತಿ ಇದ್ದರೆ ಮೆತ್ತೆ ಇಲ್ಲ.

ಚಿನ್ನದ ಬುಧವಾರ ಅನ್ನುವಂಥದ್ದು ಬೇರೆ ಕಡೆ ಇದೆ. ಅಮೆರಿಕದ ಉದ್ಯೋಗ ವರದಿ, ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ನ್ಯೂಯಾರ್ಕ್ ಸಮಯ ಬೆಳಿಗ್ಗೆ 8:30ಕ್ಕೆ. ಹಣದುಬ್ಬರದ ಅಂಕಿ, ಅದೇ ಹೊತ್ತಿಗೆ. ಫೆಡರಲ್ ರಿಸರ್ವ್ ಬಡ್ಡಿ ನಿರ್ಧಾರ, ಮಧ್ಯಾಹ್ನ 2ಕ್ಕೆ. ಮೇಲೆ ಹೇಳಿದ ಅಲುಗಾಟದ ಅಳತೆಯನ್ನು ಈ ಮೂರಕ್ಕೂ ಬೇರೆ ಬೇರೆಯಾಗಿ ತೆಗೆಯಿರಿ.

2021ರ ಆಗಸ್ಟ್ ಇದಕ್ಕೆ ಒಳ್ಳೆ ಪಾಠ. 6ರ ಶುಕ್ರವಾರ ಉದ್ಯೋಗ ವರದಿ ಬಲವಾಗಿ ಬಂತು, ಚಿನ್ನ ಬಿತ್ತು. 9ರ ಸೋಮವಾರ ಜಪಾನ್, ಸಿಂಗಾಪುರ ಎರಡಕ್ಕೂ ರಜೆ. ಏಷ್ಯಾದಲ್ಲಿ ಬೆಳಗಿನ ಹೊತ್ತು, ಕೊಳ್ಳುವವರೇ ಇಲ್ಲ. ಕೆಲವೇ ನಿಮಿಷದಲ್ಲಿ ಚಿನ್ನ ಔನ್ಸಿಗೆ 1,700 ಡಾಲರ್ ಕೆಳಗೆ ಜಾರಿ, ಮಾರ್ಚ್ ತಿಂಗಳ ತಳದ ಹತ್ತಿರಕ್ಕೆ ಬಂದು, ಮತ್ತೆ ಮೇಲೆ ಎದ್ದಿತು. ವಾರ ಮುಗಿಯುವ ಹೊತ್ತಿಗೆ 1,750ರ ಮೇಲಿತ್ತು. 1,700ರ ಕೆಳಗೆ ಸ್ಟಾಪ್ ಇಟ್ಟವರ ಗೆರೆ ತಪ್ಪಿರಲಿಲ್ಲ. ಅಷ್ಟು ತೆಳುವಾದ ಹೊತ್ತಿನಲ್ಲಿ ಪೂರ್ತಿ ಪ್ರಮಾಣ ಹಿಡಿದಿದ್ದರು. ಈಗ ಆ ಚಾರ್ಟ್ ತೆಗೆದರೆ ಕ್ಯಾಂಡಲ್‌ನ ಕೆಳಗೆ ಚಾಚಿದ ಆ ಉದ್ದ ಬಾಲಕ್ಕೆ ಗೆರೆ ಎಳೆಯಬೇಡಿ. ಮಾರ್ಚ್‌ನ ತಳದಿಂದ ಆ ಬಾಲದ ತುದಿಯವರೆಗೆ ಪಟ್ಟಿ ಬಳಿದು, ಪಕ್ಕದಲ್ಲಿ "ರಜೆ, ಉದ್ಯೋಗ ವರದಿಯ ನಂತರದ ಸೋಮವಾರ" ಎಂದು ಚೀಟಿ ಅಂಟಿಸಿ.